ಒಂದು ಕೇಕಿನ ಕಾಗದ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಕನ್ನಡದಲ್ಲಿ ಪತ್ರಸಾಹಿತ್ಯವೆಂದಾಗ ನಮ್ಮ ಮನಸ್ಸಿಗೆ ಬರುವುದು ಕವಿಗಳ ಪತ್ರಗಳು, ದೇಶಭಕ್ತರ ಪತ್ರಗಳು, ತಂದೆ ಮಗಳಿಗೆ ಬರೆದ ಪತ್ರಗಳು. ವ್ಯಾಪಾರದ ಕಾಗದವನ್ನು ಯಾರೂ ಆ ಸಾಲಿನಲ್ಲಿ ಕೂರಿಸುವುದಿಲ್ಲ. ಕೊಟ್ಟ ಮಾತಿನಂತೆ ಸರಕು ಒದಗುವುದಿಲ್ಲ, ಹೇಳಿದ ಬೆಲೆ ಇನ್ನು ನಿಲ್ಲುವುದಿಲ್ಲ ಎಂದು ತಿಳಿಸುವ ಕಾಗದವಂತೂ ಬರೆಯುವವರಿಗೂ ಬೇಡ, ಓದುವವರಿಗೂ ಬೇಡ. ಆದರೆ ಗದ್ಯದ ಪರೀಕ್ಷೆ ನಡೆಯುವುದು ಇಂಥ ಕಡೆಯಲ್ಲಿಯೇ. ನಾನು ಈ ಹೊತ್ತು ಹೇಳಹೊರಟಿರುವುದು ಅಂಥ ಒಂದೇ ಒಂದು ಕಾಗದದ ಸಂಗತಿ.

ಬರೆದಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಶಿವಮೊಗ್ಗದಲ್ಲಿ ತನ್ನ ಮನೆಯ ಅಡಿಗೆಮನೆಯಲ್ಲಿಯೇ ಕೇಕುಗಳನ್ನು ಮಾಡಿ ಮಾರುತ್ತಾಳೆ. ಅಂಗಡಿ ಇಲ್ಲ, ಆಳುಗಳಿಲ್ಲ. ಒಂದು ವಿದ್ಯುತ್ ಒಲೆ, ಒಂದು ಫ್ರಿಜ್ಜು, ಎರಡು ಕೈಗಳು. ಹುಟ್ಟುಹಬ್ಬ, ಮದುವೆ, ಷಷ್ಟ್ಯಬ್ದಿ ಎಂದು ಹೇಳಿಕಳುಹಿಸಿದವರಿಗೆ ಅವರು ಬಯಸಿದ ಆಕಾರದಲ್ಲಿ, ಬಯಸಿದ ಅಲಂಕಾರದಲ್ಲಿ ಮಾಡಿಕೊಡುತ್ತಾಳೆ. ಒಬ್ಬ ಗ್ರಾಹಕರು ತಮ್ಮ ತಂದೆತಾಯಿಗಳ ಮದುವೆಯ ಐವತ್ತನೆಯ ವರ್ಷಕ್ಕೆಂದು ಮೊಟ್ಟೆಯಿಲ್ಲದ ಕೇಕನ್ನು ಹೇಳಿದ್ದರು. ಅದರ ಮೇಲೆ ಸಕ್ಕರೆಯಲ್ಲಿ ಮಾಡಿದ ಮೂವತ್ತು ಸಂಪಿಗೆ ಹೂಗಳಿರಬೇಕು. ಮದುವೆಯ ದಿನ ತಾಯಿ ಮುಡಿದದ್ದು ಸಂಪಿಗೆಯಂತೆ. ಎಂಟು ಅಂಗುಲ ಅಗಲದ, ಎರಡು ಕಿಲೋ ತೂಕದ ಕೇಕಿಗೆ ೨,೦೦೦ ರೂಪಾಯಿ, ಹೂಗಳಿಗೆ ೯೦೦, ಒಟ್ಟು ೨,೯೦೦ ಎಂದು ಮಾತಾಗಿತ್ತು. ೧,೦೦೦ ರೂಪಾಯಿ ಮುಂಗಡವೂ ಬಂದಿತ್ತು. ಶನಿವಾರ ಸಂಜೆ ಐದಕ್ಕೆ ಕೇಕು ಅವರ ಮನೆಯಲ್ಲಿರಬೇಕು. ತಿಂಗಳು ಶ್ರಾವಣ.

ಆ ವಾರದ ಬುಧವಾರ ಸಂಜೆ ಆಕೆ ಮನೆಗೆ ಬಂದಳು. "ಮೇಷ್ಟ್ರೇ, ಕೇಕು ಹೇಳಿದ ಹೊತ್ತಿಗೆ ಆಗೋದಿಲ್ಲ. ಬೆಲೆಯೂ ಜಾಸ್ತಿಯಾಗುತ್ತೆ. ಇದನ್ನ ಅವರಿಗೆ ಹೇಗೆ ಬರೀಲಿ?" ಎಂದಳು. ಫೋನಿನಲ್ಲಿ ಎರಡು ಕರಡುಗಳನ್ನು ಆಗಲೇ ಬರೆದಿಟ್ಟುಕೊಂಡಿದ್ದಳು.

ಮೊದಲನೆಯ ಕರಡು ಮೂರೇ ಸಾಲಿನದು. "ಅನಿವಾರ್ಯ ಕಾರಣಗಳಿಂದಾಗಿ ತಮ್ಮ ಕೇಕು ಒಂದು ದಿನ ವಿಳಂಬವಾಗಲಿದ್ದು, ಮಳೆಯ ಕಾರಣ ದರದಲ್ಲಿಯೂ ಏರಿಕೆಯಾಗಿರುತ್ತದೆ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ." ಈ ಭಾಷೆ ಆಕೆಯದಲ್ಲ. ಕಚೇರಿಯ ಗೋಡೆಯಿಂದ, ಬಸ್ ನಿಲ್ದಾಣದ ಧ್ವನಿವರ್ಧಕದಿಂದ ನಮ್ಮೆಲ್ಲರ ಕಿವಿಗೂ ಬಂದು ಕೂತಿರುವ ಭಾಷೆ. ಇದರಲ್ಲಿ 'ವಿಳಂಬವಾಗಲಿದೆ', ಆದರೆ ವಿಳಂಬ ಮಾಡಿದವರಿಲ್ಲ. 'ಏರಿಕೆಯಾಗಿರುತ್ತದೆ', ಆದರೆ ಏರಿಸಿದವರಿಲ್ಲ. ಕರ್ತೃವನ್ನು ಮರೆಮಾಡುವುದಕ್ಕೆ ಕನ್ನಡದ 'ಆಗು' ಧಾತುವಿನಷ್ಟು ಒಳ್ಳೆಯ ತೆರೆ ಬೇರೊಂದಿಲ್ಲ. 'ಅನಿವಾರ್ಯ' ಎಂದಮೇಲೆ ಓದುವವರು ಮರುಪ್ರಶ್ನೆ ಕೇಳುವಂತೆಯೂ ಇಲ್ಲ. 'ಸಹಕರಿಸಿ' ಎಂದರೆ ನಿರ್ಧಾರ ಆಗಿಹೋಗಿದೆ, ನೀವು ಒಪ್ಪಿಕೊಳ್ಳುವುದೊಂದೇ ಉಳಿದಿದೆ ಎಂದು ಅರ್ಥ.

ಎರಡನೆಯ ಕರಡು ಉದ್ದವಾಗಿತ್ತು. ಅದರಲ್ಲಿ 'ಕ್ಷಮಿಸಿ' ಎಂಬ ಮಾತು ಏಳು ಸಲ ಬಂದಿತ್ತು. ರಾತ್ರಿ ನಿದ್ದೆಯಿಲ್ಲ, ಬಹಳ ಸಂಕಟವಾಗಿದೆ, ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ ಎಂದೆಲ್ಲ ಇತ್ತು. ಎಲ್ಲವೂ ನಿಜವೇ. ಆದರೆ ಅದನ್ನು ಓದಿದ ಗ್ರಾಹಕರು ಮೊದಲು ಈಕೆಯನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಶನಿವಾರ ಸಂಜೆ ಮನೆಗೆ ಬರುವ ನೆಂಟರ ಮುಂದೆ ಏನನ್ನು ಇಡಬೇಕೆಂಬುದು ಅವರಿಗೆ ಅದರಿಂದ ತಿಳಿಯುತ್ತಿರಲಿಲ್ಲ.

"ಕಾಗದ ಆಮೇಲೆ ನೋಡೋಣ. ಏನು ನಡೆಯಿತು ಅಂತ ನನಗೆ ಹೇಳಮ್ಮ" ಎಂದೆ. ಆಕೆ ಹೇಳಿದ್ದನ್ನು ನಿಮ್ಮ ಮುಂದೆ ಸ್ವಲ್ಪ ವಿವರವಾಗಿಯೇ ಇಡುತ್ತೇನೆ. ಕಾಗದಕ್ಕೆ ಬೇಕಾದದ್ದೆಲ್ಲ ಆ ವಿವರದಲ್ಲಿಯೇ ಇತ್ತು.

ಸಕ್ಕರೆಯ ಹೂವನ್ನು ಮಾಡುವುದು ನುಣ್ಣಗೆ ಪುಡಿಮಾಡಿದ ಸಕ್ಕರೆಗೆ ಅಂಟು ಸೇರಿಸಿ ನಾದಿದ ಒಂದು ಬಗೆಯ ಕಣಕದಿಂದ. ಅದನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಎಸಳು ಎಸಳಾಗಿ ಕತ್ತರಿಸಿ, ಬಾಗು ಬರುವಂತೆ ಚಮಚೆಯ ಗುಳಿಯಲ್ಲಿಟ್ಟು ಒಣಗಿಸಬೇಕು. ಒಂದು ಸಂಪಿಗೆಗೆ ಹತ್ತು ಎಸಳೆಂದರೂ ಮೂವತ್ತು ಹೂವಿಗೆ ಮುನ್ನೂರು ಎಸಳಾಯಿತು. ಎಸಳುಗಳು ಗಟ್ಟಿಯಾದ ಮೇಲೆ ಅವುಗಳನ್ನು ಜೋಡಿಸಿ, ಆ ಬೆಸುಗೆ ಒಣಗುವುದಕ್ಕೆ ಮತ್ತೊಂದು ರಾತ್ರಿ ಬಿಡಬೇಕು. ಬೇಸಿಗೆಯಲ್ಲಿ ಎಸಳು ಒಂದು ರಾತ್ರಿಗೆ ಒಣಗುತ್ತದೆ. ಮಳೆಗಾಲದಲ್ಲಿ ಹಾಗಲ್ಲ. ಸಕ್ಕರೆಯ ಸ್ವಭಾವವೇ ಗಾಳಿಯಲ್ಲಿರುವ ತೇವವನ್ನು ಹೀರುವುದು. ನಮ್ಮ ಹಿರಿಯರು ಸಕ್ಕರೆ ಅಚ್ಚು ಹಾಕುತ್ತಿದ್ದದ್ದು ಸಂಕ್ರಾಂತಿಯ ಒಣಹವೆಯಲ್ಲಿ; ಅದೇ ಅಚ್ಚನ್ನು ಶ್ರಾವಣದಲ್ಲಿ ತೆರೆದಿಟ್ಟರೆ ಬೆರಳಿಗೆ ಅಂಟುತ್ತದೆ. ಸೋಮವಾರ ಮಾಡಿದ ಎಸಳುಗಳನ್ನು ಆಕೆ ಬುಧವಾರ ಬೆಳಗ್ಗೆ ಉಗುರಿನಿಂದ ತಟ್ಟಿ ನೋಡಿದಳಂತೆ. ಒಣಗಿದ ಎಸಳು ಹಪ್ಪಳದ ಹಾಗೆ ಟಿಕ್ಕೆನ್ನಬೇಕು. ಇವು ಸದ್ದು ಮಾಡಲಿಲ್ಲ, ಬಾಗಿದವು.

ಒಲೆಯಲ್ಲಿಟ್ಟು ಒಣಗಿಸಬಾರದೇ ಎಂದು ಕೇಳಿದೆ. ಕಾವು ತಾಗಿದರೆ ಎಸಳು ಮೆತ್ತಗಾಗಿ ಆಕಾರ ಬಿಡುತ್ತದೆ, ಬಣ್ಣವೂ ಕೆಡುತ್ತದೆ ಎಂದಳು. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ಗಳಿಗೆಯಲ್ಲಿ ತಣ್ಣನೆಯ ಲೋಟದ ಮೈಮೇಲೆ ಬೆವರುವ ಹಾಗೆ ಹೂವೂ ಬೆವರಿ ಬಾಡುತ್ತದೆ. ಉಳಿದಿರುವ ದಾರಿ ಒಂದೇ: ಅಂಟಿನ ಪುಡಿಯನ್ನು ಸ್ವಲ್ಪ ಹೆಚ್ಚು ಹಾಕಿ ಹೊಸ ಕಣಕ ನಾದಿ, ಎಸಳುಗಳನ್ನು ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡುವುದು. ಬುಧವಾರ ರಾತ್ರಿ ಆರಂಭಿಸಿದರೆ ಶನಿವಾರ ಜೋಡಿಸಿ, ಭಾನುವಾರ ಬೆಳಗ್ಗೆಗೆ ಹೂ ಸಿದ್ಧ. ಇಷ್ಟಾದರೂ ಆ ಹೂಗಳನ್ನು ಕೆನೆಯ ಮೇಲೆ ಬಹಳ ಹೊತ್ತು ಇಡುವಂತಿಲ್ಲ. ಕೆನೆಯ ತೇವವೂ ತೇವವೇ. ಕತ್ತರಿಸುವ ಮುನ್ನವಷ್ಟೇ ಇಡಬೇಕು.

ಇದು ತಡದ ಕಾರಣ. ಬೆಲೆಯ ಕಾರಣ ಬೇರೆ. ಮಂಗಳವಾರ ಗ್ರಾಹಕರು ಫೋನು ಮಾಡಿ, ಇಪ್ಪತ್ತು ಮಂದಿಯ ಬದಲು ಮೂವತ್ತು ಮಂದಿ ಬರುತ್ತಾರೆ, "ಎರಡು ಇಂಚು ಅಗಲ ಮಾಡಿಬಿಡಿ ಸಾಕು" ಎಂದಿದ್ದರು. ಎಂಟರ ಮೇಲೆ ಎರಡೆಂದರೆ ಕಾಲುಭಾಗ ಹೆಚ್ಚು; ಐನೂರು ರೂಪಾಯಿ ಹೆಚ್ಚಾದೀತೆಂದು ಯಾರಾದರೂ ಎಣಿಸುವುದು ಸಹಜ. ಆದರೆ ದುಂಡಗಿನ ಕೇಕಿನ ಹಿಟ್ಟು ಅಗಲದ ಲೆಕ್ಕದಲ್ಲಿ ಬೆಳೆಯುವುದಿಲ್ಲ, ಅಗಲದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಎಂಟೆಂಟಲ ಅರವತ್ತನಾಲ್ಕು, ಹತ್ತು ಹತ್ತಲ ನೂರು. ಎತ್ತರ ಅದೇ ಇದ್ದರೂ ಅರವತ್ತನಾಲ್ಕು ಪಾಲು ಹಿಟ್ಟು ಬೇಕಾದಲ್ಲಿ ನೂರು ಪಾಲು ಬೇಕು. ಎರಡು ಕಿಲೋದ ಕೇಕು ಮೂರು ಕಿಲೋವನ್ನು ದಾಟುತ್ತದೆ. ನೋಡುವುದಕ್ಕೆ ಎರಡಂಗುಲ, ತೂಗಿದರೆ ಒಂದೂವರೆಯಷ್ಟು.

ಕೆಲಸವೂ ಹಾಗೆಯೇ ಹೆಚ್ಚುತ್ತದೆ. ಆಕೆಯ ಒಲೆಯಲ್ಲಿ ಹತ್ತಂಗುಲದ ತಟ್ಟೆ ಒಂದೇ ಹಿಡಿಯುವುದು. ಆದ್ದರಿಂದ ಎರಡು ಸಲ ಬೇಯಿಸಬೇಕು. ಎಲ್ಲ ಹಿಟ್ಟನ್ನೂ ಒಮ್ಮೆಗೇ ಕಲಸಿ ಅರ್ಧವನ್ನು ಕಾಯಿಸುವಂತಿಲ್ಲ. ದೋಸೆಯ ಹಿಟ್ಟು ಕಾದಷ್ಟೂ ಹದವಾಗುತ್ತದೆ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಸರಿನ ಹುಳಿಯೂ ಸೋಡವೂ ಕೂಡಿದ ಕ್ಷಣದಿಂದಲೇ ಗುಳ್ಳೆಗಳೇಳುತ್ತವೆ. ಒಲೆಗೆ ಹೋಗುವುದು ತಡವಾದರೆ ಆ ಗಾಳಿ ಹೊರಟುಹೋಗಿ ಕೇಕು ಒತ್ತಾಗಿ ಕೂರುತ್ತದೆ. ಹಾಗಾಗಿ ಕಲಸುವುದೂ ಎರಡು ಸಲ. ಅಗಲದ ಕೇಕಿಗೆ ಉರಿಯನ್ನೂ ತಗ್ಗಿಸಬೇಕು, ಇಲ್ಲವಾದರೆ ಅಂಚು ಕಂದಿಹೋಗುತ್ತದೆ, ನಡುವೆ ಕಡ್ಡಿ ಚುಚ್ಚಿದರೆ ಹಸಿಹಿಟ್ಟು ಅಂಟಿಕೊಂಡು ಬರುತ್ತದೆ.

ಇಷ್ಟನ್ನು ಕೇಳಿದ ಮೇಲೆ ಮೊದಲ ಕರಡಿನ ದೋಷ ಎಲ್ಲಿದೆಯೆಂಬುದು ಸ್ಪಷ್ಟವಾಯಿತು. 'ಅನಿವಾರ್ಯ' ಎಂಬ ಒಂದು ಪದ ಎರಡು ಬೇರೆ ಬೇರೆ ಕಾರಣಗಳನ್ನು ಒಂದೇ ಗೋಣಿಯಲ್ಲಿ ಕಟ್ಟಿಬಿಟ್ಟಿತ್ತು. ಹೂ ತಡವಾದದ್ದು ಈಕೆಯ ಕಡೆಯಿಂದ. ಬೆಲೆ ಏರಿದ್ದು ಗ್ರಾಹಕರು ದೊಡ್ಡ ಕೇಕು ಕೇಳಿದ್ದರಿಂದ. ಎರಡನ್ನೂ ಮಳೆಯ ಮೇಲೆ ಹಾಕಿದರೆ, ತಡಮಾಡಿದ್ದೂ ಅಲ್ಲದೆ ಹೆಚ್ಚು ಹಣವನ್ನೂ ಕೇಳುತ್ತಾಳೆಂಬ ಅರ್ಥ ಬರುತ್ತದೆ. ಆಕೆಯ ತಪ್ಪಿಗೆ ಗ್ರಾಹಕರು ದುಡ್ಡು ತೆತ್ತಂತೆ ಕಾಣುತ್ತದೆ. ನ್ಯಾಯವಾದ ಸಾವಿರ ರೂಪಾಯಿಯೂ ಅನ್ಯಾಯದಂತೆ ತೋರುತ್ತದೆ.

ಆ ರಾತ್ರಿ ಆಕೆ ಕಳುಹಿಸಿದ ಕಾಗದ ಇದು. ಆಕೆಯ ಒಪ್ಪಿಗೆಯಿಂದ ಓದುತ್ತಿದ್ದೇನೆ.

"ಮಾನ್ಯರೇ, ನಮಸ್ಕಾರ. ಈ ಶನಿವಾರ ಸಂಜೆ ೫ ಗಂಟೆಗೆ ತಮಗೆ ತಲುಪಿಸಬೇಕಾದ ಕೇಕಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಇಂದೇ ತಿಳಿಸಬೇಕಾಗಿದೆ. ಒಂದು ತಡದ್ದು, ಇನ್ನೊಂದು ಬೆಲೆಯದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

"ಸಕ್ಕರೆಯ ಸಂಪಿಗೆ ಹೂಗಳು ಶನಿವಾರಕ್ಕೆ ಸಿದ್ಧವಾಗುವುದಿಲ್ಲ. ಸೋಮವಾರ ಮಾಡಿದ ಎಸಳುಗಳು ಈ ಮಳೆಯಲ್ಲಿ ಒಣಗಿಲ್ಲ. ಹಾಗೆಯೇ ಜೋಡಿಸಿ ಕೊಟ್ಟರೆ ತಮ್ಮ ಮನೆಯಲ್ಲಿ ಬಾಗಿ ಬೀಳುತ್ತವೆ. ಮಳೆಗಾಲವೆಂದು ನಾನು ಒಂದು ವಾರ ಮೊದಲೇ ಆರಂಭಿಸಬೇಕಾಗಿತ್ತು, ಆರಂಭಿಸಲಿಲ್ಲ. ಇದಕ್ಕೆ ಕ್ಷಮೆ ಕೇಳುತ್ತೇನೆ. ಹೊಸ ಹೂಗಳನ್ನು ಮಾಡತೊಡಗಿದ್ದೇನೆ. ಅವು ಭಾನುವಾರ ಬೆಳಗ್ಗೆ ೧೦ ಗಂಟೆಗೆ ಸಿದ್ಧವಾಗುತ್ತವೆ. ಕೆಟ್ಟ ಹೂಗಳ ಖರ್ಚು ನನ್ನದು.

"ನಿನ್ನೆ ತಾವು ಕೇಕನ್ನು ೮ ಅಂಗುಲದಿಂದ ೧೦ ಅಂಗುಲಕ್ಕೆ ಹೆಚ್ಚಿಸಲು ಹೇಳಿದಿರಿ. ಅಗಲ ಎರಡೇ ಅಂಗುಲ ಹೆಚ್ಚಿದರೂ ತೂಕ ೨ ಕಿಲೋದಿಂದ ೩ ಕಿಲೋಗೆ ಏರುತ್ತದೆ. ಕಿಲೋವಿಗೆ ೧,೦೦೦ ರೂಪಾಯಿ ಎಂಬ ಮೊದಲಿನ ದರವೇ ಇದೆ. ಆದ್ದರಿಂದ ಕೇಕಿನ ಬೆಲೆ ೨,೦೦೦ದ ಬದಲು ೩,೦೦೦ ಆಗುತ್ತದೆ. ೮ ಅಂಗುಲದ್ದೇ ಸಾಕೆಂದರೆ ಹಳೆಯ ಬೆಲೆಯೇ ನಿಲ್ಲುತ್ತದೆ.

"ತಾವು ಈ ಮೂರರಲ್ಲಿ ಒಂದನ್ನು ಆರಿಸಬಹುದು. ಒಂದು: ಶನಿವಾರ ಸಂಜೆ ೫ಕ್ಕೆ, ಮಾತಾದ ಹೊತ್ತಿಗೇ, ೧೦ ಅಂಗುಲದ ಕೇಕು, ಸಕ್ಕರೆಯ ಹೂವಿನ ಬದಲು ಕೆನೆಯಲ್ಲಿಯೇ ಬಿಡಿಸಿದ ಹೂಗಳು. ಕೆನೆಯ ಹೂವಿಗೆ ಪ್ರತ್ಯೇಕ ಬೆಲೆಯಿಲ್ಲ. ಒಟ್ಟು ೩,೦೦೦. ಎರಡು: ಭಾನುವಾರ ಬೆಳಗ್ಗೆ ೧೦ಕ್ಕೆ, ಸಕ್ಕರೆಯ ಸಂಪಿಗೆಗಳೊಡನೆ. ಒಟ್ಟು ೩,೯೦೦. ಹೂಗಳನ್ನು ನಾನೇ ಬಂದು ಇಡುತ್ತೇನೆ. ಆಮೇಲೆ ಒಂದು ಗಂಟೆಯೊಳಗೆ ಕತ್ತರಿಸಬೇಕು. ಮೂರು: ಎರಡೂ ಬೇಡವಾದರೆ ತಮ್ಮ ಮುಂಗಡ ೧,೦೦೦ ರೂಪಾಯಿಯನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇನೆ.

"ಶುಕ್ರವಾರ ಬೆಳಗ್ಗೆ ಬೇಯಿಸಬೇಕಾಗಿರುವುದರಿಂದ ನಾಳೆ ಗುರುವಾರ ಸಂಜೆ ೬ರೊಳಗೆ ತಿಳಿಸಿದರೆ ಅನುಕೂಲ. ಮಾತನಾಡಬೇಕೆನಿಸಿದರೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿ."

ಇಷ್ಟೇ ಕಾಗದ. ಇದರಲ್ಲಿ 'ಕ್ಷಮೆ' ಒಂದೇ ಸಲ ಬಂದಿದೆ, ಅದೂ ತನ್ನ ತಪ್ಪು ಇರುವ ಜಾಗದಲ್ಲಿ. 'ಅನಿವಾರ್ಯ' ಎಂಬ ಪದ ಇಲ್ಲವೇ ಇಲ್ಲ. 'ಆರಂಭಿಸಲಿಲ್ಲ' ಎಂಬ ಕ್ರಿಯಾಪದಕ್ಕೆ 'ನಾನು' ಎಂಬ ಕರ್ತೃ ಇದೆ, 'ಹೆಚ್ಚಿಸಲು ಹೇಳಿದಿರಿ' ಎಂಬುದಕ್ಕೆ 'ತಾವು' ಎಂಬ ಕರ್ತೃ ಇದೆ. ಎರಡನೆಯದನ್ನು ಬರೆಯಲು ಆಕೆ ಬಹಳ ಹಿಂಜರಿದಳು. ಗ್ರಾಹಕರ ಮೇಲೆ ದೂರು ಹೊರಿಸಿದಂತಾಗುವುದಿಲ್ಲವೇ ಎಂಬ ಅಳುಕು. ದೊಡ್ಡ ಕೇಕನ್ನು ಕೇಳುವುದು ತಪ್ಪಲ್ಲ. ಆದ್ದರಿಂದ ಅದನ್ನು ಹೇಳುವುದೂ ದೂರಲ್ಲ. ಎಂಟು ಅಂಗುಲಕ್ಕೆ ಹಿಂದಿರುಗುವ ಬಾಗಿಲನ್ನು ಮುಂದಿನ ವಾಕ್ಯದಲ್ಲಿಯೇ ತೆರೆದಿಟ್ಟದ್ದರಿಂದ ಆ ಮಾತಿನ ಮುಳ್ಳೂ ಹೋಯಿತು.

ಅರವತ್ತನಾಲ್ಕು, ನೂರು ಎಂಬ ಲೆಕ್ಕವಾಗಲಿ, ಸೋಡದ ಗುಳ್ಳೆಯ ವಿಷಯವಾಗಲಿ ಕಾಗದದಲ್ಲಿ ಇಲ್ಲವೆಂಬುದನ್ನೂ ನೀವು ಗಮನಿಸಿರಬಹುದು. ಗ್ರಾಹಕರಿಗೆ ನಿರ್ಧಾರಕ್ಕೆ ಬೇಕಾದಷ್ಟು ವಿವರ ಸಾಕು. ಕೇಳಿದರೆ ಉಳಿದದ್ದನ್ನು ಹೇಳುವಷ್ಟು ತಿಳಿವಳಿಕೆ ಬರೆದವರಲ್ಲಿ ಇರಬೇಕು, ಅಷ್ಟೇ.

ಮೂರನೆಯ ದಾರಿಯನ್ನು, ಎಂದರೆ ಮುಂಗಡವನ್ನು ಹಿಂದಿರುಗಿಸುವುದನ್ನು, ಬರೆಯಬೇಕೇ ಎಂಬುದರ ಮೇಲೆ ನಮ್ಮಲ್ಲಿ ಚರ್ಚೆ ನಡೆಯಿತು. ಬೆಣ್ಣೆ, ಕೆನೆ, ಪಿಸ್ತಾ ಎಲ್ಲವನ್ನೂ ಆಕೆ ಕೊಂಡಾಗಿತ್ತು. ಅವರು ಬೇಡವೆಂದರೆ ಆ ವಾರದ ಸಂಪಾದನೆಯಷ್ಟೇ ಅಲ್ಲ, ಗಂಟೂ ಹೋಗುತ್ತಿತ್ತು. ಅದನ್ನು ಬರೆಯುವಾಗ ಆಕೆಯ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಆದರೆ ಕಾನೂನಿನ ದೃಷ್ಟಿಯಿಂದಲೂ ಅದು ಸರಿಯಾದ ಮಾತು. ೧೮೭೨ರ ಭಾರತೀಯ ಕರಾರು ಅಧಿನಿಯಮದ ೫೫ನೆಯ ಕಲಮಿನ ಪ್ರಕಾರ, ಹೊತ್ತೇ ಮುಖ್ಯವಾಗಿರುವ ಕರಾರಿನಲ್ಲಿ ಹೇಳಿದ ಹೊತ್ತಿಗೆ ಕೆಲಸವಾಗದಿದ್ದರೆ ಆ ಕರಾರನ್ನು ಬಿಟ್ಟುಬಿಡುವ ಆಯ್ಕೆ ಎದುರಿನ ಪಕ್ಷದ್ದು. ಸಮಾರಂಭದ ಕೇಕಿಗಿಂತ ಹೊತ್ತು ಮುಖ್ಯವಾದ ವಸ್ತು ಯಾವುದಿದೆ? ಅದೇ ಅಧಿನಿಯಮದ ೬೨ನೆಯ ಕಲಮಿನಂತೆ ಹಳೆಯ ಕರಾರಿನ ಬದಲು ಹೊಸದನ್ನು ಮಾಡಿಕೊಳ್ಳುವುದಕ್ಕೆ, ಇಲ್ಲವೇ ಹಳೆಯದನ್ನು ಮಾರ್ಪಡಿಸುವುದಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕು. 'ಸಹಕರಿಸಿ' ಎಂದು ಬರೆದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿದಂತಾಗುವುದಿಲ್ಲ.

ಗುರುವಾರ ಮಧ್ಯಾಹ್ನವೇ ಉತ್ತರ ಬಂತು. ಬೆಲೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅವರ ತಂಗಿ ಬಹಳ ದೂರದ ಊರಿನಿಂದ ಬಂದಿದ್ದಾಳೆ, ಶನಿವಾರ ರಾತ್ರಿಯ ರೈಲಿಗೆ ಹೊರಡುತ್ತಾಳೆ. ಆದ್ದರಿಂದ ಭಾನುವಾರ ಆಗುವುದಿಲ್ಲ, ಹೂ ಇಲ್ಲದಿದ್ದರೂ ಚಿಂತೆಯಿಲ್ಲ, ಶನಿವಾರವೇ ಬೇಕು ಎಂದಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ: ನಿಜವಾದ ಸಂಪಿಗೆಯನ್ನೇ ಮಾರುಕಟ್ಟೆಯಿಂದ ತಂದು ಕೇಕಿನ ಮೇಲಿಡಬಹುದೇ? ಮಾರುಕಟ್ಟೆಯ ಹೂವಿಗೆ ಏನೇನು ಔಷಧಿ ಹೊಡೆದಿರುತ್ತಾರೋ ತಿಳಿಯದು, ತಿನ್ನುವ ಪದಾರ್ಥಕ್ಕೆ ತಾಗಿಸುವುದು ಬೇಡ, ತಾಯಿಯವರ ಮುಡಿಗೆ ಮುಡಿಸಿ ಎಂದು ಈಕೆ ಉತ್ತರ ಕೊಟ್ಟಳು.

ಈ ತಂಗಿಯ ವಿಷಯ ಈಕೆಗೆ ಮೊದಲು ಗೊತ್ತಿರಲಿಲ್ಲ, ಗೊತ್ತಾಗುವ ಸಂಭವವೂ ಇರಲಿಲ್ಲ. ಕೇಕಿನ ದೃಷ್ಟಿಯಿಂದ ನೋಡಿದರೆ ಭಾನುವಾರದ್ದೇ ಸುಂದರ. ಮೊದಲ ಕರಡನ್ನೇ ಕಳುಹಿಸಿದ್ದರೆ ಆಕೆ ಅದನ್ನೇ ಅವರ ಪರವಾಗಿ ನಿರ್ಧರಿಸಿದಂತಾಗುತ್ತಿತ್ತು. ಮೂವತ್ತು ಸಂಪಿಗೆಗಳೊಡನೆ ಕೇಕು ಬರುವ ಹೊತ್ತಿಗೆ ಮಗಳು ರೈಲಿನಲ್ಲಿರುತ್ತಿದ್ದಳು. ಕೇಕು ಮಾಡುವವರಿಗೆ ಹೂವಿನ ವಿಷಯ ತಿಳಿದಿರುತ್ತದೆ, ಮನೆಯವರಿಗೆ ಮನೆಯ ವಿಷಯ ತಿಳಿದಿರುತ್ತದೆ. ಎರಡೂ ಒಂದೆಡೆ ಸೇರದೆ ಸರಿಯಾದ ನಿರ್ಧಾರ ಆಗುವುದಿಲ್ಲ. ಕಾಗದ ಮಾಡಬೇಕಾಗಿದ್ದ ಕೆಲಸ ಅದೇ.

ಹೂವಿನ ೯೦೦ ರೂಪಾಯಿ ಆಕೆಗೆ ಬರಲಿಲ್ಲ; ಕೆಟ್ಟ ಎಸಳುಗಳ ಸಕ್ಕರೆಯೂ ಎರಡು ದಿನದ ದುಡಿಮೆಯೂ ಹೋದವು. ಅಷ್ಟು ಮಟ್ಟಿಗೆ ನಷ್ಟವೇ. ಕಾಗದ ಚೆನ್ನಾಗಿದ್ದರೆ ನಷ್ಟವೇ ಆಗುವುದಿಲ್ಲವೆಂದು ನಾನು ಹೇಳಲಾರೆ. ಇಂಥ ಕಾಗದಕ್ಕೂ ಒಂದು ಹೊತ್ತಿದೆ. ಎಸಳು ಬಾಗಿದ್ದನ್ನು ಕಂಡ ದಿನವೇ, ಬುಧವಾರವೇ, ಕಳುಹಿಸಿದ್ದರಿಂದ ಮೂರು ದಾರಿಗಳಿದ್ದವು. ಶುಕ್ರವಾರ ರಾತ್ರಿಯಾಗಿದ್ದರೆ ಒಂದೋ ಎರಡೋ ಉಳಿಯುತ್ತಿದ್ದವು. ಶನಿವಾರ ಮಧ್ಯಾಹ್ನವಾಗಿದ್ದರೆ ಯಾವ ಮಾತನ್ನು ಎಷ್ಟು ತೂಗಿ ಬರೆದರೂ ಪ್ರಯೋಜನವಿರಲಿಲ್ಲ; ಅಂಥ ಹೊತ್ತಿನಲ್ಲಿ ಕಾಗದ ಬರೆಯುತ್ತ ಕೂರದೆ ನೇರವಾಗಿ ಅವರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು.